ಸ್ಪ್ಯಾನಿಷ್ ಬಾಸ್ ಕೊಡುವ ಪತ್ರ ನಾವೇ ಬರೆದುಕೊಳ್ಳುವುದು ಬೇಡ

ಬೈಂದೂರಿನ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಕೂತು ಸ್ಪೇನಿನ ಕಂಪನಿಯೊಂದಕ್ಕೆ ಮೂರು ವರ್ಷ ಕೆಲಸ ಮಾಡಿದ್ದಾಳೆ ಎಂದುಕೊಳ್ಳಿ. ಕಾಫಿ ಕಂಟೇನರ್‌ಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಈಗ ಅದನ್ನು ಬಿಟ್ಟು ಸ್ಪೇನಿನಲ್ಲೇ ಎಂ.ಎ. ಮಟ್ಟದ ಓದಿಗೆ ಹೊರಟಿದ್ದಾಳೆ. ಮ್ಯಾಡ್ರಿಡ್‌ನಲ್ಲಿರುವ ಮ್ಯಾನೇಜರ್ ಹತ್ತಿರ ಶಿಫಾರಸು ಪತ್ರ ಕೇಳಬೇಕು. ಸ್ಪ್ಯಾನಿಷ್‌ನಲ್ಲಿ ಇದಕ್ಕೆ 'ಕಾರ್ತಾ ದೆ ರೆಕೊಮೆಂದಾಸಿಯೋನ್' ಎನ್ನುತ್ತಾರೆ.

ನಮ್ಮ ಕಡೆ ಇಂಥ ಪತ್ರ ಕೇಳಿದರೆ ಬರುವ ಉತ್ತರ ಗೊತ್ತಲ್ಲ: "ನೀನೇ ಬರ್ಕಂಡ್ ಬಾ, ನಾನ್ ಸೈನ್ ಹಾಕ್ತೆ." ನಾವು ಇದನ್ನು ಒಪ್ಪುವುದಿಲ್ಲ. ಕಾರಣ ನೀತಿಪಾಠವಲ್ಲ, ಅದು ಸುಲಭವಾಗಿ ಸಿಕ್ಕಿಬೀಳುತ್ತದೆ. ಸ್ಪ್ಯಾನಿಷ್‌ನಲ್ಲಿ ಗುಣ ಹೇಳುವ ಹಲವು ಪದಗಳು ಗಂಡಿಗೆ ಒಂದು, ಹೆಣ್ಣಿಗೆ ಒಂದು. ಶ್ರಮಜೀವಿ ಎನ್ನಲು ಗಂಡಿಗೆ 'ತ್ರಬಾಹಾದೋರ್', ಹೆಣ್ಣಿಗೆ 'ತ್ರಬಾಹಾದೋರಾ'. ಇಂಟರ್ನೆಟ್‌ನಿಂದ ಇಳಿಸಿದ ನಮೂನೆಯಲ್ಲಿ ಹುಡುಗಿಯ ಹೆಸರು ಹಾಕಿ, ಗುಣಗಳನ್ನು ಗಂಡಿನದೇ ಬಿಟ್ಟರೆ ಓದುವ ಪ್ರಾಧ್ಯಾಪಕರಿಗೆ ಎರಡನೇ ಸಾಲಿಗೇ ಕಥೆ ತಿಳಿಯುತ್ತದೆ.

ಬದಲಿಗೆ ಮ್ಯಾನೇಜರ್‌ಗೆ ಒಂದು ಪುಟದ ವಿವರ ಕಳಿಸಲಿ: ಯಾವ ತಿಂಗಳು ಸೇರಿದ್ದು, ಯಾವ ಕೆಲಸ, ಯಾವ ಕೋರ್ಸ್, ಕೊನೆಯ ದಿನಾಂಕ ಎಂದು. ಪತ್ರವನ್ನು ಅವರೇ ಸ್ಪ್ಯಾನಿಷ್‌ನಲ್ಲಿ ಬರೆಯಲಿ. ತಡವರಿಸುವ ಇಂಗ್ಲಿಷ್‌ಗಿಂತ ಅವರ ತಾಯ್ನುಡಿಯ ಪತ್ರ ಹೆಚ್ಚು ತೂಗುತ್ತದೆ.

ಪತ್ರದಲ್ಲಿ ಏನಿರಬೇಕು? "ಜವಾಬ್ದಾರಿಯುತ, ಸಮಯಪ್ರಜ್ಞೆ ಇದೆ" ಎಂದರೆ ಸಾಲದು. ಅಂಥದ್ದನ್ನು ಯಾರಿಗೂ ಬರೆಯಬಹುದು. ಹೀಗಿದ್ದರೆ ಬೇರೆ: "ಬಿಲ್‌ನಲ್ಲಿರುವ ತೂಕಕ್ಕೂ ಹಡಗಿನ ಕಾಗದದಲ್ಲಿರುವ ತೂಕಕ್ಕೂ ಹೊಂದಾಣಿಕೆಯಾಗದೆ ಸರಕು ಬಂದರಿನಲ್ಲಿ ನಿಲ್ಲುತ್ತಿತ್ತು. ಈಕೆ ಸರಕು ಹೊರಡುವ ಮೊದಲೇ ಎರಡನ್ನೂ ತಾಳೆ ನೋಡುವ ಪಟ್ಟಿ ಮಾಡಿದಳು, ಏಕೆ ತಪ್ಪಾಗುತ್ತಿದೆ ಎಂದು ಹುಡುಕಿದಳು." ಇಲ್ಲಿ ಓದಿಗೆ ಬೇಕಾದ ಬುದ್ಧಿ ಕಾಣುತ್ತದೆ. ಒಂದು ಕುಂದನ್ನೂ ಬರೆದರೆ ಹೆದರಬೇಡಿ, ಹೊಗಳಿಕೆಗೆ ನಂಬಿಕೆ ಬರುವುದು ಆಗಲೇ.

ಇನ್ನೊಂದು ಸಾಲು ಮರೆಯಬಾರದು. ಕೆಲಸದಿಂದ ತೆಗೆದದ್ದಲ್ಲ, ತಾನಾಗಿಯೇ ಓದಿಗಾಗಿ ಬಿಟ್ಟಳು ಎಂಬುದು. ಸ್ಪೇನಿನ ಕಚೇರಿ ಭಾಷೆಯಲ್ಲಿ ಇದು 'ಬಾಹಾ ವೊಲುಂತಾರಿಯಾ'. ಕಂಪನಿಯ ಲೆಟರ್‌ಹೆಡ್, ದಿನಾಂಕ, ಮ್ಯಾನೇಜರ್‌ನ ಹುದ್ದೆ, ಕಚೇರಿ ಇಮೇಲ್ ಸ್ಪಷ್ಟವಾಗಿರಲಿ. ಕೆಲವು ವಿಶ್ವವಿದ್ಯಾಲಯಗಳು ಪತ್ರ ಹಾಕಲು ಕೊಂಡಿಯನ್ನು ನೇರ ಅವರಿಗೇ ಕಳಿಸುತ್ತವೆ, ಆದ್ದರಿಂದ ಕೆಲಸ ಬಿಡುವ ಮೊದಲೇ ಮಾತಾಡಿಕೊಳ್ಳಬೇಕು. ಅನುಭವ ಪ್ರಮಾಣಪತ್ರ ಬೇರೆ ಕಾಗದ, ಅದನ್ನೇ ಇದರ ಜಾಗದಲ್ಲಿ ಹಾಕಿದರೆ ನಡೆಯುವುದಿಲ್ಲ.

ಸ್ಪೇನ್ ಬಿಟ್ಟು ಇಂಗ್ಲಿಷ್ ದೇಶಕ್ಕೆ ಅರ್ಜಿ ಹಾಕುವುದಾದರೆ ಮೂಲ ಪತ್ರದ ಜೊತೆ ವೃತ್ತಿಪರರ ಅನುವಾದ ಇಡಬೇಕು. ಅನುವಾದವನ್ನು ಹುಡುಗಿ ತಾನೇ ಮಾಡಬಾರದು, ಎಷ್ಟೇ ಸ್ಪ್ಯಾನಿಷ್ ಬರಲಿ.