ಜ್ವರ ಇಳಿಯಲಿಲ್ಲ, ಇಎಸ್‌ಆರ್ ಇಳಿಯಿತು

ರಕ್ತಪರೀಕ್ಷೆಯ ರಿಪೋರ್ಟ್ ಈಗ ಮೊಬೈಲಿಗೇ ಬರುತ್ತೆ. ನಾವು ನೋಡೋಕೆ ಮುಂಚೆ ಮನೆಯವರು ನೋಡಿರ್ತಾರೆ. ದಪ್ಪ ಅಕ್ಷರದಲ್ಲಿದ್ದರೆ ಕೆಟ್ಟದ್ದು, ಇಲ್ಲದಿದ್ದರೆ ಒಳ್ಳೇದು ಅನ್ನೋ ಲೆಕ್ಕ ಸಾಮಾನ್ಯವಾಗಿ ಸರಿಯೇ. ಈ ವಾರ ಹೇಳುವ ಕಾಯಿಲೆಯಲ್ಲಿ ಮಾತ್ರ ಅದು ಕೈಕೊಡುತ್ತೆ.

28ರ ಹುಡುಗ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಮಳೆ ನಿಂತ ಮೇಲೆ ಗೆಳೆಯರ ಜೊತೆ ಬೆಟ್ಟ ಹತ್ತಿ, ಪೊದೆಗಳ ಪಕ್ಕ ಟೆಂಟ್ ಹಾಕಿ ಮಲಗಿ ಬಂದಿದ್ದ. ಹತ್ತು ದಿನಕ್ಕೆ ಜ್ವರ ಶುರು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ. ಜ್ವರದ ಒಂಬತ್ತನೇ ದಿನ ನಮ್ಮ ವಾರ್ಡಿಗೆ ಬಂದಾಗ ಅವನ ಅಕ್ಕ ಕೇಳಿದ್ದು ಇದು: “ಡಾಕ್ಟ್ರೇ, ಇಎಸ್‌ಆರ್ 64 ಇದ್ದದ್ದು 11ಕ್ಕೆ ಬಂದಿದೆ. ನಾರ್ಮಲ್ ಆಯ್ತಲ್ವಾ?”

ನನಗೆ ಭಯ ಹುಟ್ಟಿಸಿದ್ದೇ ಆ 11. ಜ್ವರ 103ರಲ್ಲೇ ಇತ್ತು. ಪ್ಲೇಟ್‌ಲೆಟ್ ನಾಲ್ಕು ದಿನದಲ್ಲಿ 1,60,000ದಿಂದ 58,000ಕ್ಕೆ, ಹಿಮೋಗ್ಲೋಬಿನ್ 12.8ರಿಂದ 8.6ಕ್ಕೆ ಕುಸಿದಿತ್ತು. ಎಲ್ಲೂ ರಕ್ತಸ್ರಾವ ಇರಲಿಲ್ಲ. ಇಎಸ್‌ಆರ್ ಏರೋದಕ್ಕೆ ಮುಖ್ಯ ಕಾರಣ ರಕ್ತದಲ್ಲಿನ ಫೈಬ್ರಿನೋಜನ್ ಅನ್ನೋ ಪ್ರೋಟೀನ್. ಸೋಂಕಿದ್ದಾಗ ಅದು ಹೆಚ್ಚಬೇಕು. ಜ್ವರ ಸುಡುತ್ತಿರುವಾಗಲೇ ಇಎಸ್‌ಆರ್ ಬಿತ್ತು ಅಂದರೆ, ಫೈಬ್ರಿನೋಜನ್ ಎಲ್ಲೋ ಖರ್ಚಾಗಿ ಹೋಗ್ತಿದೆ ಅಂತ ಅನುಮಾನಪಡಬೇಕು.

ತಕ್ಷಣ ಫೆರಿಟಿನ್ ಕಳಿಸಿದೆವು. ಗಂಡಸರಲ್ಲಿ ಇದು ಸಾಮಾನ್ಯವಾಗಿ 300ರ ಆಸುಪಾಸಿನೊಳಗೆ ಇರುತ್ತೆ. ಅವನದ್ದು 14,200.

ಕಾಯಿಲೆಯ ಹೆಸರು ಹೀಮೋಫ್ಯಾಗೊಸೈಟಿಕ್ ಲಿಂಫೋಹಿಸ್ಟಿಯೊಸೈಟೋಸಿಸ್. ನಾಲಿಗೆ ಹೊರಳೋದು ಕಷ್ಟ, ನಾವೂ ಎಚ್‌ಎಲ್‌ಎಚ್ ಅಂತಲೇ ಅನ್ನೋದು. ಒಳಗೆ ಆಗೋದು ಹೀಗೆ. ಸೋಂಕು ಬಂದಾಗ ಟಿ ಕೋಶಗಳು ಸೋಂಕಿತ ಕೋಶವನ್ನು ಕೊಲ್ಲುತ್ತವೆ. ಶತ್ರು ಸತ್ತ ಮೇಲೆ ಗಲಾಟೆ ತಾನಾಗಿ ತಣ್ಣಗಾಗಬೇಕು. ಇಲ್ಲಿ ತಣ್ಣಗಾಗೋದಿಲ್ಲ. ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಸುರಿಸುತ್ತಲೇ ಇರುತ್ತವೆ. ಅದರಿಂದ ಕೆರಳಿದ ಮ್ಯಾಕ್ರೊಫೇಜ್‌ಗಳು, ಅಂದರೆ ದೇಹದ ಕಸ ಗುಡಿಸುವ ಕೋಶಗಳು, ನಮ್ಮದೇ ಕೆಂಪು ರಕ್ತಕಣ, ಪ್ಲೇಟ್‌ಲೆಟ್‌ಗಳನ್ನು ನುಂಗತೊಡಗುತ್ತವೆ. ರಾಶಿ ರಾಶಿ ಫೆರಿಟಿನ್ ಬಿಡೋದೂ ಅವೇ. ಹಾಗಾಗಿ ಒಂದೇ ಕಾರಣದಿಂದ ಕೌಂಟ್ ಇಳಿಯುತ್ತೆ, ಫೆರಿಟಿನ್ ಏರುತ್ತೆ. ಕೆಲವು ಮಕ್ಕಳಲ್ಲಿ ಈ ಕೊಲ್ಲುವ ಅಸ್ತ್ರವೇ ಹುಟ್ಟಿನಿಂದ ಕೆಟ್ಟಿರುತ್ತೆ. ದೊಡ್ಡವರಲ್ಲಿ ಹೆಚ್ಚಾಗಿ ಸೋಂಕು, ಲಿಂಫೋಮಾ ಅಥವಾ ಸ್ಟಿಲ್ಸ್‌ನಂಥ ಕೀಲುವಾತ ಕಿಡಿ ಹೊತ್ತಿಸುತ್ತೆ.

ಫೆರಿಟಿನ್ ಒಂದನ್ನೇ ನಂಬುವ ಹಾಗಿಲ್ಲ. ಲಿವರ್ ಕೆಟ್ಟರೂ, ಕಿಡ್ನಿ ಸೋತರೂ, ಪದೇ ಪದೇ ರಕ್ತ ಹಾಕಿಸಿಕೊಂಡರೂ ಅದು ಸಾವಿರ ದಾಟುತ್ತೆ. ಅದಕ್ಕೇ 2004ರ ಮಾನದಂಡದಲ್ಲಿ ಎಂಟು ಅಂಶಗಳಿವೆ, ಐದು ಸಿಗಬೇಕು. ಮಕ್ಕಳಿಗಾಗಿ ಮಾಡಿದ ಪಟ್ಟಿಯಾದರೂ ದೊಡ್ಡವರಿಗೂ ಬಳಸ್ತೇವೆ. ಇವನಲ್ಲಿ ಜ್ವರ, ಊದಿದ ಗುಲ್ಮ, ಎರಡು ಬಗೆಯ ರಕ್ತಕಣ ಇಳಿದದ್ದು, 500 ಮೀರಿದ ಫೆರಿಟಿನ್ ಸೇರಿ ನಾಲ್ಕಾಯಿತು. ಸಂಜೆ ಫೈಬ್ರಿನೋಜನ್ 110 ಅಂತ ಬಂತು. 150ಕ್ಕಿಂತ ಕೆಳಗೆ, ಅಂದರೆ ಐದನೆಯದು. ಕಣ ನುಂಗುತ್ತಿರುವ ಮ್ಯಾಕ್ರೊಫೇಜ್ ಅಸ್ಥಿಮಜ್ಜೆಯಲ್ಲಿ ಕಾಣಲೇಬೇಕು ಅಂತ ಕೆಲವರು ಕಾಯ್ತಾರೆ. ನನ್ನ ಪ್ರಕಾರ ಅದು ಬೇಡ. ಶುರುವಿನಲ್ಲಿ ಎಷ್ಟೋ ಸಲ ಅದು ಕಾಣೋದೇ ಇಲ್ಲ. ಮಜ್ಜೆಯಲ್ಲಿ ಲಿಂಫೋಮಾ ಇದೆಯೇ ಅಂತ ಹುಡುಕೋದು ಬೇರೆ ಮಾತು, ಅದು ಬೇಕೇ ಬೇಕು.

ಕಿಡಿ ಯಾವುದು? ಉತ್ತರ ಅವನ ಸೊಂಟದ ಹತ್ತಿರ, ಪ್ಯಾಂಟಿನ ಪಟ್ಟಿಯ ಕೆಳಗೆ ಇತ್ತು. ಸಿಗರೇಟಿನಿಂದ ಸುಟ್ಟಂಥ ಕಪ್ಪು ಚಕ್ಕೆ, ನೋವಿಲ್ಲ. ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರೋದು. ಬಟ್ಟೆ ಬಿಚ್ಚಿ ಕಂಕುಳು, ತೊಡೆಸಂದು, ಸೊಂಟ ನೋಡದಿದ್ದರೆ ಸಿಗೋದಿಲ್ಲ.

ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ ಶುರು ಮಾಡಿದೆವು. ಸ್ಕ್ರಬ್ ಟೈಫಸ್‌ನಿಂದ ಬಂದ ಎಚ್‌ಎಲ್‌ಎಚ್‌ನಲ್ಲಿ ಎಷ್ಟೋ ಜನಕ್ಕೆ ಇದೊಂದೇ ಸಾಕಾಗುತ್ತೆ. ಇವನ ಕೌಂಟ್ ಗಂಟೆಗಂಟೆಗೂ ಇಳಿಯುತ್ತಿದ್ದರಿಂದ ಡೆಕ್ಸಾಮೆಥಾಸೋನ್ ಕೂಡ ಸೇರಿಸಿದೆವು. “ಸೋಂಕಿರುವಾಗ ರೋಗನಿರೋಧಕ ಶಕ್ತಿ ಕುಗ್ಗಿಸೋ ಸ್ಟೀರಾಯ್ಡ್ ಯಾಕೆ ಡಾಕ್ಟ್ರೇ?” ಅಂದರು ಅಕ್ಕ. ನ್ಯಾಯವಾದ ಪ್ರಶ್ನೆ. ಇಲ್ಲಿ ಜೀವ ತೆಗೆಯಲು ಹೊರಟಿರೋದು ಸೋಂಕಿಗಿಂತ ಹೆಚ್ಚಾಗಿ ಆ ಶಕ್ತಿಯೇ, ಅಂದೆ. ಎರಡಕ್ಕೂ ಬಗ್ಗದಿದ್ದರೆ ಕೆರಳಿದ ಟಿ ಕೋಶಗಳನ್ನೇ ಕೊಲ್ಲುವ ಎಟೊಪೊಸೈಡ್ ಇದೆ. ಅದು ಕ್ಯಾನ್ಸರ್ ಔಷಧ, ಇವನಿಗೆ ಅದರ ಅಗತ್ಯ ಬರಲಿಲ್ಲ.

ಎರಡು ದಿನದಲ್ಲಿ ಜ್ವರ ಬಿಟ್ಟಿತು. ಐದನೇ ದಿನ ಫೆರಿಟಿನ್ 3,100, ಪ್ಲೇಟ್‌ಲೆಟ್ 96,000. ಇಎಸ್‌ಆರ್ ಮಾತ್ರ 48ಕ್ಕೆ ಏರಿತ್ತು. ಫೈಬ್ರಿನೋಜನ್ ವಾಪಸ್ ಬರ್ತಿದೆ ಅಂತ ಅಕ್ಕನಿಗೆ ಹೇಳಿದಾಗ ಅವರು ನನ್ನನ್ನೇ ಅನುಮಾನದಿಂದ ನೋಡಿದರು, ಬಿಡಿ. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸದೆ ವಾರಗಟ್ಟಲೆ ಇಳಿಸುತ್ತಾ ಬಂದೆವು. ಡೋಸ್ ಇಳಿಸುವಾಗ ಜ್ವರ ಮರುಕಳಿಸಿದರೆ ಅಂದೇ ಬನ್ನಿ, ಬರುವಾಗ ಹಳೇ ರಿಪೋರ್ಟ್‌ಗಳನ್ನೆಲ್ಲ ತನ್ನಿ ಅಂತ ಡಿಸ್ಚಾರ್ಜ್ ಚೀಟಿಯ ಮೇಲೆ ಬರೆದುಕೊಟ್ಟೆ.