ಕೆಂಪು ಶಾಯಿಯ ಮರಣೋತ್ತರ ಪರೀಕ್ಷೆ

ಇಪ್ಪತ್ತು ವರ್ಷದಿಂದ ಬಿ.ಎ. ಮಕ್ಕಳಿಗೆ ಇತಿಹಾಸ ಪಾಠ ಮಾಡ್ತಿದ್ದೇನೆ. ಅದರಲ್ಲಿ ಹದಿನೈದು ವರ್ಷ ಅವರ ಅಸೈನ್‌ಮೆಂಟುಗಳ ಮೇಲೆ ಒಂದೇ ವಾಕ್ಯವನ್ನು ಬರೆದಿದ್ದೇನೆ: "ವಿಶ್ಲೇಷಣೆ ಸಾಲದು." ಕೆಂಪು ಶಾಯಿಯಲ್ಲಿ, ಮಾರ್ಜಿನ್ನಿನಲ್ಲಿ, ಸ್ವಲ್ಪ ಓರೆಯಾಗಿ. ನನ್ನ ಪಕ್ಕದ ಕುರ್ಚಿಯವರೂ ಅದನ್ನೇ ಬರೀತಾರೆ. ನಮಗೆ ಪಾಠ ಮಾಡಿದವರೂ ನಮ್ಮ ಹಾಳೆಗಳ ಮೇಲೆ ಅದನ್ನೇ ಬರೆದಿದ್ದರು. ಈ ವಾಕ್ಯದಿಂದ ಒಬ್ಬ ವಿದ್ಯಾರ್ಥಿಯಾದರೂ ವಿಶ್ಲೇಷಣೆ ಮಾಡೋದನ್ನು ಕಲಿತಿದ್ದನ್ನು ನಾನಂತೂ ನೋಡಿಲ್ಲ.

ಐದು ವರ್ಷದ ಹಿಂದೆ ಒಬ್ಬ ಹುಡುಗಿ ಎರಡು ಅಸೈನ್‌ಮೆಂಟುಗಳನ್ನು ಕೈಯಲ್ಲಿ ಹಿಡಿದು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಮನೆಯಲ್ಲಿ ಅವಳೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು. ಎರಡಕ್ಕೂ ಹತ್ತಕ್ಕೆ ಆರು. ಎರಡರ ಮೇಲೂ ನನ್ನ ಅದೇ ವಾಕ್ಯ. "ಸಾರ್, ಮೊದಲನೇದ್ರಲ್ಲಿ ನೀವು ವಿಶ್ಲೇಷಣೆ ಸಾಲದು ಅಂದ್ರಿ. ಅದಕ್ಕೇ ಎರಡನೇದು ಇನ್ನೂ ನಾಲ್ಕು ಪುಟ ಜಾಸ್ತಿ ಬರ್ದೆ. ಈಗ್ಲೂ ಹಂಗೇ ಬರ್ದಿದೀರಿ. ವಿಶ್ಲೇಷಣೆ ಅಂದ್ರೆ ಏನ್ ಮಾಡ್ಬೇಕು ಸಾರ್?"

ಜಗಳಕ್ಕೆ ಬಂದಿರಲಿಲ್ಲ ಆಕೆ, ನಿಜವಾಗಿಯೂ ಕೇಳುತ್ತಿದ್ದಳು. ನಾನು ಐದು ನಿಮಿಷ ಏನೇನೋ ಹೇಳಿದೆ. ಅವಳು ತಲೆಯಾಡಿಸಿ ಹೋದಳು. ಸೆಮಿಸ್ಟರ್ ಮುಗಿದಿತ್ತು. ಮೂರನೇ ಅಸೈನ್‌ಮೆಂಟ್ ಇರಲಿಲ್ಲ.

ಅವಳ ಮೊದಲ ಪ್ರಬಂಧ ಮೈಸೂರು ಸಂಸ್ಥಾನದ ಆಧುನೀಕರಣದ ಬಗ್ಗೆ. ಒಂದು ಪ್ಯಾರಾ ಹೆಚ್ಚುಕಡಿಮೆ ಹೀಗಿತ್ತು: ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್ ಸ್ಥಾಪನೆಯಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಪ್ರಾರಂಭವಾಯಿತು. ಆದ್ದರಿಂದ ಅವರನ್ನು ಆಧುನಿಕ ಮೈಸೂರಿನ ಶಿಲ್ಪಿ ಎನ್ನುತ್ತಾರೆ.

ಇಸವಿ ಒಂದೂ ತಪ್ಪಿಲ್ಲ. ತಪ್ಪಿರೋದು "ಆದ್ದರಿಂದ" ಅನ್ನೋ ಪದದಲ್ಲಿ. ಅದರ ಹಿಂದೆ ಕಾರಣ ಇಲ್ಲ, ಪಟ್ಟಿ ಮಾತ್ರ ಇದೆ. ನಾನು ಸ್ವಲ್ಪ ಶ್ರಮಪಟ್ಟು ಬರೆದಿದ್ದರೂ ಏನು ಬರೀತಿದ್ದೆ? "ವಿಶ್ವವಿದ್ಯಾಲಯದ ಮಹತ್ವ ತಿಳಿಸಬೇಕಿತ್ತು" ಅಂತ. ಈ "ಬೇಕಿತ್ತು" ಅನ್ನೋದೇ ನಮ್ಮ ರೋಗ. ವಿಶ್ವವಿದ್ಯಾಲಯದ ಮಹತ್ವವನ್ನು ಅವಳು ಇನ್ನೆಲ್ಲಿ ತಿಳಿಸಬೇಕು? ಆ ಪ್ರಬಂಧ ಮುಗಿದುಹೋಗಿದೆ, ಅಂಕ ಬಿದ್ದಾಗಿದೆ, ಅದನ್ನವಳು ಮತ್ತೆ ಬರೆಯೋದಿಲ್ಲ. ಉಂಡು ಕೈ ತೊಳೆದವರ ಎಲೆಗೆ ಉಪ್ಪು ಬಡಿಸಿದ ಹಾಗೆ ಇದು.

ಅವಳ ಎರಡನೇ ಪ್ರಬಂಧ ಕರ್ನಾಟಕ ಏಕೀಕರಣದ್ದು. ಅದೇ ಪ್ಯಾರಾ, ಬೇರೆ ಇಸವಿ. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ, 1915ರಲ್ಲಿ ಸಾಹಿತ್ಯ ಪರಿಷತ್ತು, 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ, 1956ರಲ್ಲಿ ಏಕೀಕರಣ. ಮತ್ತೊಂದು "ಆದ್ದರಿಂದ". ಮೊದಲ ಪ್ರಬಂಧದ ಮೇಲೆ ವಿಶ್ವವಿದ್ಯಾಲಯದ ಬಗ್ಗೆ ನಾನು ಅರ್ಧ ಪುಟ ಬರೆದಿದ್ದರೂ ಈ ಎರಡನೆಯದಕ್ಕೆ ಅದು ಕವಡೆಯಷ್ಟೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಟಿಪ್ಪಣಿ ವಿಷಯಕ್ಕೆ ಅಂಟಿಕೊಂಡಿತ್ತು. ತಪ್ಪು ಇದ್ದದ್ದು ವಿಷಯದಲ್ಲಲ್ಲ, ಬರೆಯುವ ರೀತಿಯಲ್ಲಿ.

ಹಾಗಾದರೆ ಏನು ಬರೆಯಬೇಕಿತ್ತು ನಾನು? ಈಗ ಹೀಗೆ ಬರೀತೇನೆ: "ಈ ಪ್ಯಾರಾದಲ್ಲಿ ಮೂರು ಘಟನೆ ಇವೆ, ಅವು ಏನನ್ನು ಬದಲಿಸಿದವು ಅನ್ನೋದಿಲ್ಲ. ಏಕೀಕರಣದ ಪ್ರಬಂಧದಲ್ಲಿ ಪ್ರತಿ ಘಟನೆ ಬರೆದ ಕೂಡಲೇ ನಿಂತು, ಎರಡು ಪ್ರಶ್ನೆಗೆ ಉತ್ತರ ಬರಿ: ಇದಕ್ಕೆ ಮುಂಚೆ ಹೇಗಿತ್ತು? ಇದಾದ ಮೇಲೆ ಯಾರಿಗೆ ಏನು ಬದಲಾಯ್ತು? ಮಾದರಿ: 1916ಕ್ಕೆ ಮುಂಚೆ ಮೈಸೂರಿನ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಆಮೇಲೆ ಪಾಠ, ಪರೀಕ್ಷೆ, ಪದವಿಯ ತೀರ್ಮಾನ ಸಂಸ್ಥಾನದ ಒಳಗೇ ಆಗತೊಡಗಿತು."

ಇಷ್ಟೇ. ಹಳೆಯ ಪ್ರಬಂಧದಿಂದ ಒಂದು ಉದಾಹರಣೆ, ಮುಂದಿನ ಪ್ರಬಂಧಕ್ಕೆ ಒಂದು ಕೆಲಸ. ಇಂಗ್ಲಿಷಿನವರು ಇದನ್ನು ಫೀಡ್‌ಬ್ಯಾಕ್ ಅನ್ನೋ ಬದಲು ಫೀಡ್‌ಫಾರ್ವರ್ಡ್ ಅಂತಾರೆ. ಹೆಸರು ಏನಾದರೂ ಇರಲಿ, ಪರೀಕ್ಷಿಸೋದು ಸುಲಭ. ಬರೆದ ಟಿಪ್ಪಣಿಯಲ್ಲಿ ಹಳೆಯ ವಿಷಯದ ಹೆಸರನ್ನು ಬೆರಳಿಂದ ಮುಚ್ಚಿ ಓದಿ. ಉಳಿದದ್ದನ್ನು ಮುಂದಿನ ಪ್ರಬಂಧ ಬರೆಯುವವರು ಮಾಡಬಹುದಾ? ಮಾಡಬಹುದಾದರೆ ಇಟ್ಟುಕೊಳ್ಳಿ. "ಸಾಲದು", "ಇನ್ನೂ ಚೆನ್ನಾಗಿ ಬರೆಯಬಹುದಿತ್ತು", "ಗಮನಿಸಿ" ಇವು ಈ ಪರೀಕ್ಷೆಯಲ್ಲಿ ಫೇಲು.

ಈ ಮಾತು ಹೇಳಿದಾಗೆಲ್ಲ ಸ್ಟಾಫ್‌ರೂಮಿನಲ್ಲಿ ಎರಡು ಉತ್ತರ ಬರುತ್ತೆ. ಒಂದು: "ಬರೆದ್ರೂ ಅವ್ರು ಓದಲ್ಲ ಮಾರಾಯ್ರೇ, ಮಾರ್ಕ್ಸ್ ನೋಡಿ ಮಡಚಿ ಬ್ಯಾಗಿಗೆ ಹಾಕ್ತಾರೆ."

ನಿಜ. ಆದರೆ ಅವರು ಯಾಕೆ ಓದಬೇಕು? ನಾವು ಬರೆದದ್ದರಿಂದ ಅವರು ಮುಂದೆ ಮಾಡಬೇಕಾದ್ದು ಏನೂ ಇಲ್ಲ. ಅದೂ ಅಲ್ಲದೆ ಅಂಕವನ್ನೂ ಟಿಪ್ಪಣಿಯನ್ನೂ ಒಂದೇ ಹಾಳೆಯಲ್ಲಿ ಒಟ್ಟಿಗೆ ಕೊಡ್ತೇವೆ. ರೂತ್ ಬಟ್ಲರ್ ಎನ್ನುವವರು ಇಸ್ರೇಲಿನ ಶಾಲಾಮಕ್ಕಳ ಮೇಲೆ ಮಾಡಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಮೇಲೆ ಬಂದವರು ಟಿಪ್ಪಣಿ ಮಾತ್ರ ಸಿಕ್ಕವರು. ಎರಡೂ ಸಿಕ್ಕವರ ಸ್ಥಿತಿ ಅಂಕ ಮಾತ್ರ ಸಿಕ್ಕವರಿಗಿಂತ ಏನೂ ವಾಸಿಯಾಗಿರಲಿಲ್ಲ. ಅಂದರೆ ಅಂಕ ಪಕ್ಕದಲ್ಲಿ ಕೂತರೆ ಟಿಪ್ಪಣಿಯನ್ನು ನುಂಗಿಬಿಡುತ್ತೆ. ಅದಕ್ಕೇ ನಾನು ಈಗ ಹಾಳೆ ಕೊಡುವ ದಿನ ಅಂಕ ಕೊಡಲ್ಲ. ಅಂಕ ನನ್ನ ಡೈರಿಯಲ್ಲಿರುತ್ತೆ, ಎರಡು ದಿನ ಬಿಟ್ಟು ಹೇಳ್ತೇನೆ. ಮೊದಲ ಸಲ ಗಲಾಟೆ ಆಗುತ್ತೆ, ಎರಡನೇ ಸಲ ಅಭ್ಯಾಸವಾಗುತ್ತೆ.

ಹಾಳೆ ಕೊಟ್ಟ ದಿನ ಕ್ಲಾಸಿನ ಕೊನೆಯ ಹದಿನೈದು ನಿಮಿಷ ಅದಕ್ಕೇ ಮೀಸಲು. ಪ್ರತಿಯೊಬ್ಬರೂ ಟಿಪ್ಪಣಿ ಓದಿ, "ಮುಂದಿನದರಲ್ಲಿ ನಾನು ಮಾಡೋದು" ಅಂತ ಒಂದೇ ವಾಕ್ಯ ತಮ್ಮ ಮಾತಲ್ಲಿ ಬರೀಬೇಕು. ಮುಂದಿನ ಅಸೈನ್‌ಮೆಂಟಿನ ಮೊದಲ ಪುಟದಲ್ಲಿ ಆ ವಾಕ್ಯ ಇರಬೇಕು, ಅದನ್ನು ಮಾಡಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿರಬೇಕು. ನಾನು ಮೊದಲು ಓದೋದು ಆ ಗೆರೆಯ ಜಾಗವನ್ನೇ. ಮಗು ನನ್ನ ಟಿಪ್ಪಣಿಯನ್ನು ತಪ್ಪಾಗಿ ತಿಳಿದುಕೊಂಡಿದ್ದರೂ ಅಲ್ಲೇ ಗೊತ್ತಾಗಿಬಿಡುತ್ತೆ. ಆ ಹುಡುಗಿ "ವಿಶ್ಲೇಷಣೆ ಸಾಲದು" ಅನ್ನೋದನ್ನು "ಪುಟ ಸಾಲದು" ಅಂತ ತಿಳಿದಿದ್ದಳಲ್ಲ, ಈ ಒಂದು ವಾಕ್ಯ ಬರೆಸಿದ್ದರೆ ಅದು ನನಗೆ ಅವತ್ತೇ ತಿಳೀತಿತ್ತು.

ಎರಡನೇ ಉತ್ತರ: "ಟೈಮ್ ಎಲ್ಲಿದೆ?" ಇದು ಹುಸಿ ನೆಪ ಅಲ್ಲ. ನನ್ನ ಕ್ಲಾಸಿನಲ್ಲಿ 64 ಮಕ್ಕಳು. ಒಂದು ಪ್ರಬಂಧಕ್ಕೆ ಆರು ನಿಮಿಷ ಅಂದರೂ ಆರೂವರೆ ಗಂಟೆ ಹತ್ತಿರ. ಆದರೆ ಆ ಆರು ನಿಮಿಷದಲ್ಲಿ ನಾವು ಮಾಡೋದೇನು? ಕಾಗುಣಿತಕ್ಕೆಲ್ಲ ಸುತ್ತು ಹಾಕ್ತೇವೆ. ಅಲ್ಪಪ್ರಾಣ ಮಹಾಪ್ರಾಣ ತಿದ್ದುತ್ತೇವೆ. ಪುಟ ಕೆಂಪಾದಷ್ಟೂ ಕೆಲಸ ಮಾಡಿದ ತೃಪ್ತಿ. ಹನ್ನೆರಡು ತಿದ್ದುಪಡಿ ನೋಡಿದ ಮಗು ಅದರಲ್ಲಿ ಯಾವುದು ಮುಖ್ಯ ಅಂತ ಹೇಗೆ ತಿಳಿದೀತು?

ನಾನೀಗ ಮೊದಲ ಸುತ್ತು ಪೆನ್ನೇ ಹಿಡಿಯದೆ ಓದಿ, ಹಾಳೆಗಳನ್ನು ಗುಡ್ಡೆ ಮಾಡ್ತೇನೆ. 64 ಪ್ರಬಂಧಗಳಲ್ಲಿ 64 ಬಗೆಯ ತೊಂದರೆ ಇರೋದಿಲ್ಲ, ನಾಲ್ಕೈದು ಇರುತ್ತೆ. ಇಸವಿಗಳ ಪಟ್ಟಿ. ಆಧಾರವಿಲ್ಲದ ಹೊಗಳಿಕೆ. ಗೈಡಿನಿಂದ ಎತ್ತಿದ ಪ್ಯಾರಾಗಳು. ಕೊನೆಯವರೆಗೂ ತನ್ನ ಅಭಿಪ್ರಾಯ ಹೇಳದ ಪ್ರಬಂಧ. ಒಂದೊಂದು ಗುಡ್ಡೆಗೆ ಒಂದು ಟಿಪ್ಪಣಿಯನ್ನು ನಿಧಾನವಾಗಿ, ಮಾದರಿ ಸಮೇತ ಬರೆದು ಬೋರ್ಡಿನ ಮೇಲೆ ಹಾಕ್ತೇನೆ. ಹಾಳೆಯ ಮೇಲೆ ಟಿಪ್ಪಣಿಯ ನಂಬರು ಮತ್ತು ಅದು ಅನ್ವಯಿಸುವ ಪ್ಯಾರಾದ ಪಕ್ಕ ಒಂದು ಗೆರೆ. ಒಬ್ಬರಿಗೆ ಒಂದೇ ನಂಬರು, ಅದೂ ಎಲ್ಲಕ್ಕಿಂತ ದೊಡ್ಡ ತೊಂದರೆಯದ್ದು. ಇಸವಿ, ಹೆಸರುಗಳ ತಪ್ಪನ್ನು ಬಿಟ್ಟುಬಿಡೋ ಹಾಗಿಲ್ಲ. ಅವನ್ನು ಇಡೀ ಕ್ಲಾಸಿಗೆ ಒಟ್ಟಾಗಿ ಹೇಳ್ತೇನೆ. ಓದೋ ಸಮಯ ಉಳಿಯೋದಿಲ್ಲ, ಬರೆಯೋ ಸಮಯ ಅರ್ಧಕ್ಕಿಂತ ಕಡಿಮೆಯಾಗುತ್ತೆ.

ಇದರಿಂದ ಎಲ್ಲರೂ ಬದಲಾದರು ಅಂತ ಸುಳ್ಳು ಹೇಳೋದಿಲ್ಲ. ಗೈಡಿನಿಂದ ಎತ್ತುವವರು ಹೆಚ್ಚಿನವರು ಈಗಲೂ ಎತ್ತುತ್ತಾರೆ. ಮುಂದಿನ ಕೆಲಸ ಬೇರೆ ಜಾತಿಯದ್ದಾದರೆ, ಅಂದರೆ ಪ್ರಬಂಧದ ನಂತರ ನಕ್ಷೆ ಬರೆಯೋದೋ ಸೆಮಿನಾರೋ ಇದ್ದರೆ, ಟಿಪ್ಪಣಿ ದಾಟುವುದೇ ಇಲ್ಲ. ಹಾಗಾಗಿ ಎರಡೂ ಪ್ರಬಂಧದ ವಿಷಯಗಳನ್ನು ಸೆಮಿಸ್ಟರಿನ ಮೊದಲ ವಾರವೇ ಒಟ್ಟಿಗೆ ಯೋಚಿಸಬೇಕಾಗುತ್ತೆ. ಆದರೆ ಪಟ್ಟಿ ಗುಡ್ಡೆಯವರಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ಕಳೆದ ವರ್ಷ ಒಬ್ಬ ಹುಡುಗ ಗೆರೆ ಎಳೆದ ಜಾಗದಲ್ಲಿ ಹೀಗಿತ್ತು: "1890ರಲ್ಲಿ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಮರಾಠಿಯ ಜೋರು ಹೆಚ್ಚಿತ್ತು. ಕನ್ನಡಕ್ಕಾಗಿ ಕೇಳುವವರು ಒಬ್ಬೊಬ್ಬರೇ ಇದ್ದರು. ಸಂಘ ಬಂದ ಮೇಲೆ ಕೇಳುವುದಕ್ಕೆ ಒಂದು ಜಾಗ ಆಯಿತು." ಮೂರೇ ವಾಕ್ಯ. ವ್ಯಾಕರಣ ಅಷ್ಟಕ್ಕಷ್ಟೇ. ಆದರೆ ಇದು ಇತಿಹಾಸ ಸ್ವಾಮಿ, ಪಟ್ಟಿ ಅಲ್ಲ.

ನನ್ನ ನಿಜವಾದ ಸಿಟ್ಟು ಇರೋದು ಬೇರೆ ಕಡೆ. ಇದೆಲ್ಲ ಆಗಬೇಕಾದರೆ ಮೊದಲನೆಯದು ತಿದ್ದಿ ಕೈಗೆ ಬಂದ ಮೇಲೆ ಎರಡನೆಯದನ್ನು ಬರೆಸಬೇಕು. ನಡೆಯೋದೇನು? ಎಷ್ಟೋ ಕಡೆ ಎರಡೂ ಅಸೈನ್‌ಮೆಂಟು ಸೆಮಿಸ್ಟರಿನ ಕೊನೆಯ ವಾರ ಒಟ್ಟಿಗೆ ಬಂದು ಮೇಜಿನ ಮೇಲೆ ಬೀಳುತ್ತವೆ, ಇಂಟರ್ನಲ್ ಮಾರ್ಕ್ಸ್ ಎಂಟ್ರಿಗೆ ಎರಡು ದಿನ ಇರುವಾಗ. ರಾತ್ರಿ ಕೂತು ಟಿಕ್ ಹಾಕಿ, ಸಹಿ ಮಾಡಿ, ಕಟ್ಟು ಕಟ್ಟಿ ಬೀರುವಿಗೆ ಹಾಕ್ತೇವೆ. ಕೇಳಿದವರಿಗೆ ತೋರಿಸೋದಕ್ಕೆ ಕೆಂಪು ಶಾಯಿ ಇರುತ್ತೆ. ವಿದ್ಯಾರ್ಥಿ ಅದನ್ನು ನೋಡುವುದೂ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ ಅನ್ನೋ ಗಾದೆಯಲ್ಲಿ ಬಾಗಿಲನ್ನಾದರೂ ಹಾಕಿದ್ರು. ನಾವು ಬಾಗಿಲು ಹಾಕಿದ್ದೇವೆ ಅಂತ ರಿಜಿಸ್ಟರಿನಲ್ಲಿ ಬರೀತೇವೆ.

ಮೊದಲ ಅಸೈನ್‌ಮೆಂಟ್ ಆರನೇ ವಾರ ತಗೊಳ್ಳಿ, ಎಂಟನೇ ವಾರ ವಾಪಸ್ ಕೊಡಿ, ಎರಡನೆಯದನ್ನು ಹನ್ನೆರಡನೇ ವಾರಕ್ಕೆ ಇಡಿ. ಇದಕ್ಕೆ ಹೊಸ ನೀತಿ ಬೇಡ, ಅನುದಾನ ಬೇಡ, ಕಾರ್ಯಾಗಾರವೂ ಬೇಡ. ಇಷ್ಟು ಮಾಡೋದಕ್ಕೆ ನಮಗೆ ಮನಸ್ಸಿಲ್ಲ ಅಂದರೆ, ಟಿಪ್ಪಣಿ ಬರೆಯೋದನ್ನು ಬಿಟ್ಟು ಅಂಕ ಮಾತ್ರ ಹಾಕೋಣ. ಕಲಿಸ್ತಿದ್ದೇವೆ ಅನ್ನೋ ವೇಷವಾದರೂ ಕಳಚುತ್ತೆ.

ಆ ಹುಡುಗಿ ಆ ವರ್ಷ ಪಾಸಾಗಿ ಹೋದಳು. ನನ್ನ ಲೆಕ್ಕದಲ್ಲಿ ಅವಳದ್ದು ಇವತ್ತಿಗೂ ಹತ್ತಕ್ಕೆ ಆರು, ಎರಡು ಸಲ. ಎರಡನೇ ಸಲದ ಆರು ಅವಳದ್ದಲ್ಲ, ನನ್ನದು.