ಸುರಂಗದೊಳಗೆ ಊರನ್ನೇ ತುಂಬಬೇಡಿ

ಭಾಗ 1/6

ನೇರವಾಗಿ ಹೇಳ್ತೀನಿ. ಮನೆಯಿಂದ ಕೆಲಸ ಮಾಡೋರ ಲ್ಯಾಪ್‌ಟಾಪಿಂದ ಹೊರಡೋದೆಲ್ಲಾ ಆಫೀಸ್ ವಿಪಿಎನ್ ಒಳಗೇ ಹೋಗಬೇಕು ಅನ್ನೋ ರೂಲ್ ಇದೆಯಲ್ಲ, ಬಹಳಷ್ಟು ಸಣ್ಣ ಆಫೀಸುಗಳಲ್ಲಿ ಅದು ಸೆಕ್ಯುರಿಟಿ ಅಲ್ಲ, ಸೋಮಾರಿತನ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡಂಗೆ.

ಇದು ಶುರುವಾಗಿದ್ದು ಅವಸರದಲ್ಲಿ. ಅಲ್ಲಿವರೆಗೆ ಕಾಲ್ ಸೆಂಟರ್, ಬಿಪಿಒ ಥರದ ಕಂಪನಿಗಳು ಸಿಬ್ಬಂದಿನ ಮನೆಯಿಂದ ಕೂರಿಸಬೇಕು ಅಂದ್ರೆ ಲೈಸೆನ್ಸ್ ಇರೋ ಟೆಲಿಕಾಂ ಕಂಪನಿ ಕೊಡೋ ವಿಪಿಎನ್ನೇ ಬೇಕಿತ್ತು, ಠೇವಣಿನೂ ಕಟ್ಟಬೇಕಿತ್ತು. 2020ರ ಮಾರ್ಚ್ 13ಕ್ಕೆ ಕೇಂದ್ರದ ದೂರಸಂಪರ್ಕ ಇಲಾಖೆ ಅದನ್ನ ಸಡಿಲ ಮಾಡಿತು. ಹನ್ನೆರಡೇ ದಿನಕ್ಕೆ ದೇಶವೇ ಲಾಕ್‌ಡೌನ್. ಬೆಂಗಳೂರಲ್ಲಿದ್ದ ನಮ್ಮ ಕಡೆ ಹುಡುಗ ಹುಡುಗೀರು ಲ್ಯಾಪ್‌ಟಾಪ್ ಸಮೇತ ಆಲೂರು, ಸಕಲೇಶಪುರದ ತೋಟದ ಮನೆಗಳಿಗೆ ಬಂದ್ರು. ಆಫೀಸಿನವರು ಕೈಗೆ ಸಿಕ್ಕ ಸೆಟ್ಟಿಂಗ್ ಹಾಕಿ ಕೊಟ್ರು. ಅವತ್ತಿಗೆ ಅದು ಸರಿ. ಆದರೆ ಎಷ್ಟೋ ಕಡೆ ಅದನ್ನ ಇವತ್ತಿನವರೆಗೂ ಯಾರೂ ತೆಗೆದು ನೋಡಿಲ್ಲ. ನನ್ನ ಜಗಳ ಇರೋದು ಇದ್ರ ಮೇಲೆ.

ಭಾಗ 2/6: ಟನಲ್ ಅಂದ್ರೆ ಏನು

ನಮಗೆ ಸುರಂಗ ಅಂದ ತಕ್ಷಣ ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿ ಕಣ್ಣಿಗೆ ಬರುತ್ತೆ. ಅಲ್ಲಿ ಬೆಟ್ಟ ಕೊರೆದು ಬೇರೆ ದಾರಿನೇ ಮಾಡಿದ್ದಾರೆ. ವಿಪಿಎನ್ ಟನಲ್ ಹಂಗಲ್ಲ. ಬೇರೆ ದಾರಿ ಯಾವುದೂ ಇಲ್ಲ. ಅದೇ ಟವರ್, ಅದೇ ಕೇಬಲ್. ಅದು ಲಕೋಟೆಯೊಳಗೆ ಇನ್ನೊಂದು ಲಕೋಟೆ, ಅಷ್ಟೆ.

ನಿಮ್ಮ ಪ್ಯಾಕೆಟ್ ಮೇಲೆ "ಟ್ಯಾಲಿ ಸರ್ವರ್‌ಗೆ" ಅಂತ ವಿಳಾಸ ಇರುತ್ತೆ. ವಿಪಿಎನ್ ಆ ಪ್ಯಾಕೆಟನ್ನ ಪೂರ್ತಿ ಎನ್‌ಕ್ರಿಪ್ಟ್ ಮಾಡಿ ಇನ್ನೊಂದು ಲಕೋಟೆಗೆ ಹಾಕಿ, ಮೇಲೆ "ಆಫೀಸ್ ಗೇಟ್‌ವೇಗೆ" ಅಂತ ಬರೆಯುತ್ತೆ. ಗೇಟ್‌ವೇ ಅದನ್ನ ಬಿಚ್ಚಿ ಒಳಗಿನ ವಿಳಾಸಕ್ಕೆ ಕಳಿಸುತ್ತೆ. ಮಧ್ಯದಲ್ಲಿರೋರಿಗೆ ಹೊರಗಿನ ವಿಳಾಸ ಬಿಟ್ರೆ ಏನೂ ಕಾಣಲ್ಲ. ಈ ಹೊರ ಲಕೋಟೆಗೂ ತೂಕ ಇದೆ. ವೈರ್‌ಗಾರ್ಡ್‌ನಲ್ಲಿ ಐಪಿವಿ4 ಮೇಲೆ ಪ್ರತಿ ಪ್ಯಾಕೆಟ್‌ಗೆ 60 ಬೈಟ್ ಜಾಸ್ತಿ.

ಒಂದು ವಿಷಯ ಮರೀಬೇಡಿ. ಈ ಎನ್‌ಕ್ರಿಪ್ಶನ್ ಗೇಟ್‌ವೇ ಬಾಗಿಲಿಗೆ ಮುಗೀತು. ನೀವು ಟನಲ್ ಒಳಗಿಂದ ಜಿಎಸ್‌ಟಿ ಪೋರ್ಟಲ್ ತೆರೆದರೂ, ಆಫೀಸಿಂದ ಪೋರ್ಟಲ್‌ವರೆಗೆ ಅದನ್ನ ಕಾಯೋದು ಮಾಮೂಲಿ ಎಚ್‌ಟಿಟಿಪಿಎಸ್ ಮಾತ್ರ. ಅದು ನಿಮ್ಮ ಮನೆಯಿಂದ ನೇರ ಹೋದಾಗಲೂ ಇದ್ದೇ ಇರುತ್ತೆ.

ಭಾಗ 3/6: ಲೆಕ್ಕ ಹಾಕೋಣ, ಬಿಕಾಂ ಅಲ್ವಾ

ನಮ್ಮ ದೊಡ್ಡಪ್ಪನ ಮಗಳು ಬೆಂಗಳೂರಿನ ಒಂದು ಆಡಿಟ್ ಆಫೀಸಿಗೆ ಆಲೂರು ತಾಲ್ಲೂಕಿನ ಮನೆಯಿಂದಲೇ ಕೆಲಸ ಮಾಡ್ತಾಳೆ. ಟ್ಯಾಲಿ ಇರೋದು ಅಲ್ಲಿನ ಸರ್ವರಲ್ಲಿ. ತಿಂಗಳ 20ನೇ ತಾರೀಕು, ಜಿಎಸ್‌ಟಿಆರ್-3ಬಿ ಕೊನೇ ದಿನ ಬಂದ್ರೆ ಸಾಕು, ಟ್ಯಾಲಿ ಪರದೆ ಹೆಪ್ಪುಗಟ್ಟಿದಂಗೆ ನಿಂತುಬಿಡುತ್ತೆ. ಸರ್‌ಗೆ ಫೋನ್ ಮಾಡಿದ್ರೆ "ನಿಮ್ಮ ಊರಿನ ನೆಟ್‌ವರ್ಕೇ ಹಂಗಮ್ಮ" ಅಂತಾರೆ.

ನಿಜಾನಾ? ಒಂದು ಉದಾಹರಣೆ ಆಫೀಸ್ ತಗೊಳಿ. ಲೈನ್ 50 ಎಂಬಿಪಿಎಸ್, ಹೋಗೋಕೂ ಬರೋಕೂ ಅಷ್ಟೇ. ಒಬ್ಬರು ವಿಡಿಯೋ ಮೀಟಿಂಗಲ್ಲಿ ಕೂತ್ರೆ 2 ಎಂಬಿಪಿಎಸ್ ಒಳಗೆ ಬರುತ್ತೆ, 1.5 ಹೊರಗೆ ಹೋಗುತ್ತೆ ಅಂತ ಇಟ್ಕೊಳಿ. ಎಲ್ಲಾ ಟನಲ್‌ನಲ್ಲಿದ್ರೆ ಆ 2 ಮೊದಲು ಇಂಟರ್‌ನೆಟ್ಟಿಂದ ಆಫೀಸಿಗೆ ಬರಬೇಕು, ಆಮೇಲೆ ಆಫೀಸಿಂದ ಅವರ ಮನೆಗೆ ಹೋಗಬೇಕು. 1.5ಕ್ಕೂ ಅದೇ ಕಥೆ, ಉಲ್ಟಾ ದಿಕ್ಕಲ್ಲಿ. ಅಂದ್ರೆ ಒಬ್ಬರಿಗೆ ಆಫೀಸ್ ಲೈನಲ್ಲಿ ಎರಡೂ ಕಡೆ 3.5. ಹದಿನೈದು ಜನ ಮೀಟಿಂಗ್‌ಗೆ ಕೂತ್ರೆ 52.5. ಲೈನ್ ಫುಲ್! ಆಫೀಸಲ್ಲಿ ಒಂದು ನರಪಿಳ್ಳೆ ಇಲ್ದೇ ಇದ್ರೂ!

ಆ ಜನಜಂಗುಳಿಯಲ್ಲಿ ಟ್ಯಾಲಿ ಪರದೆ ಸಿಕ್ಕಿಹಾಕ್ಕೊಳ್ಳುತ್ತೆ. ರಿಮೋಟ್ ಡೆಸ್ಕ್‌ಟಾಪಿಗೆ ಬೇಕಾಗೋದು ತೀರಾ ಕಮ್ಮಿ. ಒಬ್ಬರಿಗೆ 0.2 ಅಂದ್ರೂ ಇಪ್ಪತ್ತೈದು ಜನಕ್ಕೆ ಬರೀ 5. ಮೀಟಿಂಗ್ ನೇರವಾಗಿ ಹೋಗಲಿ, ಟ್ಯಾಲಿ ಮಾತ್ರ ಟನಲ್‌ನಲ್ಲಿ ಹೋಗಲಿ. ಇದೇ ಸ್ಪ್ಲಿಟ್ ಟನಲಿಂಗ್. ಆಲೂರಿಂದ ಹಾಸನಕ್ಕೆ ಹೋಗೋರನ್ನ ಮಂಗಳೂರು ಸುತ್ತಿಸಬೇಡಿ ಅನ್ನೋದಷ್ಟೇ ವಾದ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಸ್ಪ್ಲಿಟ್ ಮಾಡಿದ್ರೆ ಟವರ್ ನಮ್ಮ ಮನೆ ಹತ್ರ ನಡ್ಕೊಂಡು ಬರಲ್ಲ. ಮನೆ ಲೈನ್ ಮೇಲಿನ ಭಾರ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಮಳೆಗೆ ಕರೆಂಟ್ ಹೋಗಿ ಟವರೇ ಮಲಗಿದ್ರೆ ಯಾವ ಟನಲ್ಲೂ ಉಪಯೋಗಕ್ಕಿಲ್ಲ. ಇದು ಬಗೆಹರಿಸೋದು ಆಫೀಸ್ ಬಾಗಿಲಲ್ಲಿನ ಟ್ರಾಫಿಕ್ ಜಾಮ್ ಮತ್ತು ಸುತ್ತು ದಾರಿಯನ್ನ. ಗೇಟ್‌ವೇ ಅಮೆರಿಕದಲ್ಲಿದ್ರೆ ಆ ಸುತ್ತಿಗೇ 200 ಮಿಲಿಸೆಕೆಂಡಿಗಿಂತ ಜಾಸ್ತಿ ಹೋಗುತ್ತೆ.

ಭಾಗ 4/6: "ಸೆಕ್ಯುರಿಟಿ ಕಣಮ್ಮ" ಅನ್ನೋರಿಗೆ

ಎದುರು ವಾದಕ್ಕೂ ತೂಕ ಇದೆ, ತಳ್ಳಿ ಹಾಕಲ್ಲ. ಅವರು ಹೇಳೋದು ಎರಡು. ಒಂದು, ಲ್ಯಾಪ್‌ಟಾಪ್ ಒಂದೇ ಸಲಕ್ಕೆ ಇಂಟರ್‌ನೆಟ್ಟಿಗೂ ಆಫೀಸಿಗೂ ಅಂಟಿಕೊಂಡಿದ್ರೆ ವೈರಸ್ ಈ ಕಡೆಯಿಂದ ಆ ಕಡೆಗೆ ದಾಟುತ್ತೆ. ಎರಡು, ನೇರ ಹೋಗಿದ್ದನ್ನ ಆಫೀಸ್ ಫೈರ್‌ವಾಲ್ ನೋಡೋಕಾಗಲ್ಲ.

ಮೊದಲನೇದಕ್ಕೆ ಉತ್ತರ: ರಾತ್ರಿ ಟನಲ್ ಆಫ್ ಮಾಡಿ ಸಿಕ್ಕಿದ ಫೈಲ್ ಡೌನ್‌ಲೋಡ್ ಮಾಡಿ, ಬೆಳಿಗ್ಗೆ ಟನಲ್ ಆನ್ ಮಾಡಿದ್ರೂ ವೈರಸ್ ದಾಟುತ್ತೆ. ಫುಲ್ ಟನಲ್ ಅದನ್ನ ತಡೆಯಲ್ಲ. ತಡೆಯೋದು ಲ್ಯಾಪ್‌ಟಾಪ್ ಅಪ್‌ಡೇಟ್ ಆಗಿರೋದು, ಆ್ಯಂಟಿವೈರಸ್ ಇರೋದು, ಮತ್ತೆ ಟನಲ್ ಒಳಗಿಂದ ಎಷ್ಟು ದೂರ ಹೋಗಬಹುದು ಅನ್ನೋ ಮಿತಿ.

ಎರಡನೇದಕ್ಕೆ: ಇವತ್ತು ಹೆಚ್ಚುಪಾಲು ಸೈಟ್ ಎಚ್‌ಟಿಟಿಪಿಎಸ್. ಲ್ಯಾಪ್‌ಟಾಪಲ್ಲಿ ಆಫೀಸ್ ತನ್ನದೇ ಸರ್ಟಿಫಿಕೇಟ್ ಹಾಕಿ ಬಿಚ್ಚಿ ನೋಡೋ ವ್ಯವಸ್ಥೆ ಮಾಡದಿದ್ರೆ ಫೈರ್‌ವಾಲಿಗೆ ಕಾಣೋದು ಯಾವ ಸೈಟ್ ಅಂತ ಮಾತ್ರ. ಹಂಗೆ ನಿಜವಾಗಿ ಬಿಚ್ಚಿ ನೋಡೋ ಆಫೀಸಾದ್ರೆ ಫುಲ್ ಟನಲ್ ಇಟ್ಕೊಳಲಿ, ಅದಕ್ಕೆ ತಕ್ಕ ಲೈನೂ ಹಾಕಿಸಲಿ. ಏನೂ ನೋಡ್ದೇ ಬರೀ ಸುತ್ತಿಸೋದು ಯಾವ ನ್ಯಾಯ? ಅದೂ ಸಿಬ್ಬಂದಿಯ ಸ್ವಂತ ಲ್ಯಾಪ್‌ಟಾಪ್ ಆದ್ರೆ, ಮನೆಯವರು ಅದರಲ್ಲಿ ಯಾವ ಆಸ್ಪತ್ರೆ, ಯಾವ ಬ್ಯಾಂಕ್ ಸೈಟ್ ನೋಡಿದ್ರು ಅನ್ನೋದೂ ಆಫೀಸಿನ ಲಾಗಲ್ಲಿ ಕೂರುತ್ತೆ.

ಇದು ಬರೀ ನನ್ನ ಮಾತಲ್ಲ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 800-53 ಅನ್ನೋ ಸೆಕ್ಯುರಿಟಿ ದಾಖಲೆ ಮೊದಲು ಸ್ಪ್ಲಿಟ್ ಟನಲಿಂಗ್ ತಡೆಯಿರಿ ಅಂತಿತ್ತು. 2020ರ ಸೆಪ್ಟೆಂಬರಿನ ಐದನೇ ಆವೃತ್ತಿಯಲ್ಲಿ, ಸುರಕ್ಷಿತವಾಗಿ ಹೊಂದಿಸಿಲ್ಲದಿದ್ರೆ ತಡೆಯಿರಿ ಅಂತ ಆಯ್ತು. ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚಲ್ಲೇ ಟೀಮ್ಸ್ ಕಾಲ್ ಥರದ್ದನ್ನ ವಿಪಿಎನ್‌ನಿಂದ ಹೊರಗಿಡಿ ಅಂದಿತ್ತು.

ಭಾಗ 5/6: ಸರಿಯಾಗಿ ಮಾಡೋದು ಹೆಂಗೆ

ವೈರ್‌ಗಾರ್ಡ್‌ನಲ್ಲಿ ಇಡೀ ಜಗಳ ಒಂದು ಸಾಲಿನದು. ಫುಲ್ ಟನಲ್ ಹಿಂಗಿರುತ್ತೆ:

```
AllowedIPs = 0.0.0.0/0, ::/0
```

ಅಂದ್ರೆ ಲೋಕದ ಎಲ್ಲಾ ವಿಳಾಸವೂ ಟನಲ್‌ಗೆ. ಟ್ಯಾಲಿ ಸರ್ವರ್ ಒಂದೇ ಸಾಕಾದ್ರೆ:

```
AllowedIPs = 10.20.5.10/32
```

ಕೊನೆಯ /32 ಅಂದ್ರೆ "ಈ ಒಂದೇ ಯಂತ್ರ". ಆದರೆ ಹುಷಾರು. ಈ ಸಾಲು ಇರೋದು ಸಿಬ್ಬಂದಿ ಲ್ಯಾಪ್‌ಟಾಪಲ್ಲಿ, ಅದನ್ನ ಅವರೇ ತಿದ್ದಬಹುದು. ಅದು ಬೀಗ ಅಲ್ಲ, ದಾರಿ ತೋರಿಸೋ ಬೋರ್ಡು. ಬೀಗ ಇರಬೇಕಾದ್ದು ಗೇಟ್‌ವೇ ಫೈರ್‌ವಾಲಲ್ಲಿ: ವಿಪಿಎನ್‌ನಿಂದ ಬಂದವರಿಗೆ ಆ ಸರ್ವರಿನ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ 3389 ಬಿಟ್ಟು ಬೇರೆಲ್ಲಾ ಬಂದ್. ಈ ಬೀಗ ಹಾಕ್ದೇ ಸ್ಪ್ಲಿಟ್ ಕೊಡೋದು ನಿಜಕ್ಕೂ ತಪ್ಪು. ಅಲ್ಲಿ ಎದುರು ಪಾರ್ಟಿಯವರ ಪರ ನಾನೂ ನಿಲ್ತೀನಿ.

ಇನ್ನೊಂದು ಸಾಮಾನ್ಯ ಎಡವಟ್ಟು ಇದೆ. ಎಷ್ಟೋ ಮನೆ ರೂಟರ್ 192.168.1 ಸಾಲಿನ ವಿಳಾಸ ಹಂಚುತ್ತೆ. ಆಫೀಸಲ್ಲೂ ಅದೇ ಸಾಲು ಇದ್ರೆ, 192.168.1.10 ಅನ್ನೋದು ಆಫೀಸ್ ಸರ್ವರೋ ಮನೆ ಪ್ರಿಂಟರೋ ಅಂತ ಲ್ಯಾಪ್‌ಟಾಪಿಗೆ ಗೊಂದಲ. ಗುರುತು ಹಿಡಿಯೋದು ಸುಲಭ: ಟನಲ್ "ಕನೆಕ್ಟೆಡ್" ಅನ್ನುತ್ತೆ, ಟ್ಯಾಲಿ ಮಾತ್ರ ಬರಲ್ಲ, ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾಯಿಸಿದ್ರೆ ಬರುತ್ತೆ. ಶಾಶ್ವತ ಪರಿಹಾರ, ಆಫೀಸಿನ ವಿಳಾಸಗಳನ್ನ 10.20.5ರಂಥ ಬೇರೆ ಸಾಲಿಗೆ ಬದಲಾಯಿಸೋದು.

ಟನಲ್ ಒಳಗೇ ಇರಬೇಕಾದ್ದೂ ಇದೆ. ಆಫೀಸಿನ ಐಪಿಯಿಂದ ಬಂದ್ರೆ ಮಾತ್ರ ಒಪ್ಪೋ ಬ್ಯಾಂಕ್ ಅಥವಾ ಕ್ಲೈಂಟ್ ಸೈಟ್‌ಗಳನ್ನ ಪಟ್ಟಿಗೆ ಸೇರಿಸಲೇಬೇಕು. ಆಫೀಸ್ ಸರ್ವರ್‌ಗಳ ಹೆಸರು ಹುಡುಕೋ ಡಿಎನ್‌ಎಸ್ ಕೂಡ. ಐಪಿ ಹಾಕಿದ್ರೆ ತೆರೆಯುತ್ತೆ, ಹೆಸರು ಹಾಕಿದ್ರೆ ತೆರೆಯಲ್ಲ ಅಂದ್ರೆ ಡಿಎನ್‌ಎಸ್ ಬಿಟ್ಟುಹೋಗಿದೆ ಅಂತಲೇ ಅರ್ಥ.

ಭಾಗ 6/6: ನೀವೇ ನೋಡಿ, ಆಮೇಲೆ ಕೇಳಿ

ವಿಪಿಎನ್ ಆನ್ ಮಾಡಿ, ವಿಂಡೋಸ್ ಕಮಾಂಡ್ ಪ್ರಾಂಪ್ಟಲ್ಲಿ ಇದನ್ನ ಹಾಕಿ:

```
tracert -d 8.8.8.8
```

ಮೊದಲ ಸಾಲಲ್ಲಿ ನಿಮ್ಮ ಮನೆ ರೂಟರ್ ವಿಳಾಸ ಬಂದ್ರೆ ಸ್ಪ್ಲಿಟ್. ಆಫೀಸ್ ಟನಲಿನ ವಿಳಾಸ ಬಂದ್ರೆ ಫುಲ್. ಇನ್ನೂ ಒಂದು ಪರೀಕ್ಷೆ: ಟ್ಯಾಲಿ ನಿಂತಾಗ ವಿಪಿಎನ್ ಆಫ್ ಮಾಡಿ ಮೀಟಿಂಗ್ ತೆರೆದು ನೋಡಿ. ಆಫ್ ಮಾಡಿದಾಗ ನುಣ್ಣಗೆ ನಡೆದು, ಆನ್ ಮಾಡಿದ ತಕ್ಷಣ ಕುಂಟಿದ್ರೆ ತಪ್ಪು ನಮ್ಮ ಬೆಟ್ಟದ್ದಲ್ಲ. ಎರಡರಲ್ಲೂ ಕುಂಟಿದ್ರೆ ನಮ್ಮ ಲೈನಿನದೇ, ಒಪ್ಪಿಕೊಳ್ಳೋಣ.

ಹೋಮ್‌ಸ್ಟೇ ವೈಫೈಯಲ್ಲಿ ಕೂತು ಕೆಲಸ ಮಾಡೋರಿಗೆ ಬೇರೆ ಲೆಕ್ಕ. ಯಾರ್ಯಾರೋ ಸೇರೋ ನೆಟ್‌ವರ್ಕಲ್ಲಿ ನೀವು ಯಾವ ಸೈಟಿಗೆ ಹೋಗ್ತೀರ ಅನ್ನೋದನ್ನ ಮುಚ್ಚೋಕೆ ಫುಲ್ ಟನಲ್ ಒಳ್ಳೇದೇ. ಅದಕ್ಕೇ ಎರಡು ಪ್ರೊಫೈಲ್ ಕೊಡಲಿ: ಮನೆಗೊಂದು, ಹೊರಗಿಗೊಂದು. ಒಂದು ಪೈಸೆ ಖರ್ಚಿಲ್ಲ, ಅರ್ಧ ಗಂಟೆ ಕೆಲಸ.

ಸಂಬಳ ಕೊಡೋರಿಗೆ ನಮ್ಮ ಕಡೆಯವರ ಪರವಾಗಿ ಕೇಳೋದು ಇಷ್ಟೇ. ನಿಮ್ಮ ಗೇಟ್‌ವೇಯ ಬ್ಯಾಂಡ್‌ವಿಡ್ತ್ ಗ್ರಾಫ್ ಒಂದ್ಸಲ ತೆಗೆದು ನೋಡಿ, 20ನೇ ತಾರೀಕಿನದು. ಅದು ಮೇಲಕ್ಕೆ ಹೋಗಿ ಮಟ್ಟಸವಾಗಿ ನಿಂತಿದ್ರೆ, ಇನ್ಮೇಲೆ "ನಿಮ್ಮ ಊರಿನ ನೆಟ್‌ವರ್ಕ್" ಅಂತ ಬೈಯೋದು ಬಿಡಿ.

ನಿಮ್ಮದು ಫುಲ್ಲಾ, ಸ್ಪ್ಲಿಟ್ಟಾ? tracert ಹಾಕಿ ನೋಡಿ ಕಾಮೆಂಟಲ್ಲಿ ಹೇಳಿ. ಆಫೀಸ್ ಹೆಸರು, ಐಪಿ ಮಾತ್ರ ಹಾಕಬೇಡಿ ಮಾರಾಯ್ರೇ 🙏

#ಸಕಲೇಶಪುರ #ಆಲೂರು #ಹಾಸನ #ಮನೆಯಿಂದಕೆಲಸ #ವಿಪಿಎನ್ #ಕನ್ನಡದಲ್ಲಿಟೆಕ್